ಮುಂದಿನ ಸಾಲಿಗೊಂದು ಅರ್ಜಿ

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವ ಗುಮಾಸ್ತ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಂಬಿದ್ದ ಕಾಲವದು. (ಹಾಗೆ ನಂಬಿದ್ದವನು ನಾನೊಬ್ಬನೇ.) ಆದ್ದರಿಂದ ಮೂರನೇ ಕ್ಲಾಸಿನಲ್ಲಿದ್ದ ನಮ್ಮ ಮಗಳು ಮುತ್ತು ಹೊಸ ಕನ್ನಡಕವನ್ನು ಚೀಲದ ತಳದಲ್ಲಿ ಬಚ್ಚಿಟ್ಟು ಮನೆಗೆ ಬಂದ ಸಂಜೆ, ಅವಳ ಟೀಚರಿಗೆ ಪತ್ರ ಬರೆಯುವ ಘನಕಾರ್ಯ ನನ್ನ ಪಾಲಿಗೇ ಬಂತು.

"ಎಲ್ಲಾ ಸೋಡಾಬುಡ್ಡಿ ಅಂತಾರೆ. ನಾಳೆಯಿಂದ ಹಾಕ್ಕೊಳಲ್ಲ," ಎಂದಳು ಮುತ್ತು.

ಕನ್ನಡಕವಿಲ್ಲದೆ ಹಿಂದಿನ ಸಾಲಿನಿಂದ ಹಲಗೆಯ ಎಂಟನ್ನು ಮೂರು ಎಂದು ಬರೆದುಕೊಂಡು, ವರ್ಷವೆಲ್ಲ ದಡ್ಡಿ ಎನಿಸಿಕೊಂಡವಳು ಅವಳು. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಕಾಣುವುದಿಲ್ಲ, ಮೈನಸ್ ಎರಡು ಎಂದಿದ್ದರು ಬೆಂಗಳೂರಿನ ಡಾಕ್ಟರು. ದಿನವಿಡೀ ಹಾಕಿಕೊಂಡಿರಬೇಕು, ಮೊದಮೊದಲು ನೆಲ ಓರೆಯಾದಂತೆ ಕಾಣಬಹುದು, ತಲೆ ನೋಯಬಹುದು, ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಆ ಒಂದೆರಡು ವಾರ ದಾಟಿಸುವವರು ಯಾರು?

ನಾನು ಪೆನ್ನು ಹಿಡಿದೆ. 'ವಿಷಯ: ಕುಮಾರಿ ಮುತ್ಯಾಲಮ್ಮಳಿಗೆ ಮುಂದಿನ ಸಾಲಿನಲ್ಲಿ ಸ್ಥಾನ ಮಂಜೂರು ಮಾಡುವ ಬಗ್ಗೆ. ಉಲ್ಲೇಖ: ವೈದ್ಯರ ಚೀಟಿ.'

ಹೆಗಲ ಮೇಲಿಂದ ಇಣುಕಿದ ನನ್ನ ಹೆಂಡತಿ ಮುನಿರತ್ನ ಹಣೆ ಚಚ್ಚಿಕೊಂಡಳು. "ಇದೇನ್ರೀ, ಮಗೀಗೆ ಕನ್ನಡಕ ಬಂದಿರೋದಾ, ಜಮೀನಿನ ಖಾತೆ ಬದಲಾಯಿಸೋದಾ?"

"ಪದ್ಧತಿ ಅಂತ ಒಂದಿರುತ್ತೆ ಕಣೇ."

"ಪದ್ಧತಿ ಮನೆ ಹಾಳಾಗ! ಬರ್ಕೊಳ್ಳೋದು ನಿಧಾನ ಆದ್ರೆ ಗದರಬೇಡಿ ಅಂತ ಬರೀರಿ. ಜಾರಿದ್ರೆ ಸರಿಮಾಡ್ಕೊಳಕ್ಕೆ ಬಿಡಿ. ಬೇರೆ ಮಕ್ಕಳ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ, ಗಾಜು."

ಎಲ್ಲವನ್ನೂ ಅ, ಆ, ಇ ಎಂದು ಉಪಕಲಮುಗಳಾಗಿ ಇಳಿಸಿದೆ. ಕೆಳಗೆ 'ತಮ್ಮ ವಿಧೇಯ'.

ಮರುದಿನ ಕಚೇರಿಗೆ ಮುಂಚೆ ಮುತ್ತುವನ್ನು ಕರೆದುಕೊಂಡು ಶಾಲೆಗೆ ಹೋದೆ. ಬಾಗಿಲಲ್ಲೇ ನಿಂತು, ಹಲಗೆಯ ಪಕ್ಕದಲ್ಲಿ ಹಸಿರು ಸೀರೆಯುಟ್ಟು ನಿಂತಿದ್ದ ಟೀಚರ್ ಲಕ್ಷ್ಮೀದೇವಮ್ಮನವರಿಗೆ ಕೈಮುಗಿದು, "ನಮಸ್ಕಾರ ಅಮ್ಮಾ, ತಮ್ಮಲ್ಲೊಂದು ಮನವಿ," ಎಂದೆ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಟೀಚರು ನನ್ನ ಬೆನ್ನ ಹಿಂದೆ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. ನಾನು ಕೈಮುಗಿದದ್ದು ಗೋಡೆಗೆ ತೂಗುಹಾಕಿದ್ದ ಭಾರತದ ನಕ್ಷೆಗೆ.

(ದೇಶಭಕ್ತಿ ಎನ್ನೋಣವೆಂದುಕೊಂಡೆ.)

ಆ ಮಹಾತಾಯಿ ನಗಲಿಲ್ಲ. ಪತ್ರವನ್ನು ಉಪಕಲಮು ಸಮೇತ ಪೂರ್ತಿ ಓದಿದರು.

"ಕನ್ನಡಕ ಬಂದಿದ್ದು ಒಳ್ಳೇದಾಯ್ತು. ಕಣ್ಣು ತೋರಿಸಿ ಅಂತ ಚೀಟಿ ಕಳಿಸಿದ್ದೋಳೇ ನಾನು. ಆದ್ರೆ ಮುಂದಿನ ಸಾಲು ಕೊಡಲ್ಲ."

"ಯಾಕಮ್ಮಾ?"

"ಮುತ್ತು ಎತ್ತರ. ಮುಂದೆ ಕೂತ್ರೆ ಹಿಂದಿರೋ ಚಿಕ್ಕೋರಿಗೆ ಇವಳ ಜಡೆ ಬಿಟ್ಟು ಬೇರೇನೂ ಕಾಣಲ್ಲ. ಅದೂ ಅಲ್ದೆ, ದೂರದ್ದು ಕಾಣ್ಲಿ ಅಂತ ತಾನೇ ಕನ್ನಡಕ? ಅದನ್ನ ಹಾಕಿಸಿ ಹಲಗೆ ಮೂಗಿನ ಕೆಳಗೆ ಕೂರ್ಸಿದ್ರೆ, ಇವಳಿಗೇನೋ ಆಗಿದೆ ಅಂತ ಊರಿಗೆಲ್ಲ ಸಾರಿದ ಹಾಗಾಗುತ್ತೆ."

ಅವರು ಮಾಡಿದ್ದು ಇಷ್ಟೇ: ಹಿಂದಿನ ಸಾಲಿನಲ್ಲೇ ಅವಳನ್ನು ಗೆಳತಿ ಕದಿರಮ್ಮನ ಜೊತೆ ಗೋಡೆಯ ಕಡೆಗೆ ಸರಿಸಿದರು. ಮೊದಲಿನ ಜಾಗದಿಂದ ನೋಡಿದರೆ ಕಿಟಕಿಯ ಬಿಸಿಲಿಗೆ ಹಲಗೆ ಹೊಳೆದು ಅಕ್ಷರವೇ ಮಾಯವಾಗುತ್ತಿತ್ತಂತೆ. ಅದು ನನ್ನ ಪತ್ರದ ಯಾವ ಕಲಮಿನಲ್ಲೂ ಇರಲಿಲ್ಲ. ಆಮೇಲೆ ಹಲಗೆಯ ಮೇಲೊಂದು ವಾಕ್ಯ ಬರೆದು, "ಮುತ್ತು, ಕನ್ನಡಕ ಹಾಕ್ಕೊಂಡು ಗಟ್ಟಿಯಾಗಿ ಓದು. ನಿಧಾನಕ್ಕೇ ಓದಮ್ಮ, ಅವಸರ ಇಲ್ಲ," ಎಂದರು.

ಮುತ್ತು ಚೀಲ ತಡಕಿದಳು. ಕನ್ನಡಕ ಮೂಗಿನಿಂದ ಜಾರಿತು, ಎತ್ತಿಕೊಂಡಳು. ಮತ್ತೆ ಜಾರಿತು. ಟೀಚರು ಸೀಮೆಸುಣ್ಣ ಹಿಡಿದು ಸುಮ್ಮನೆ ಕಾದರು, ಕ್ಲಾಸೂ ಕಾಯಿತು. ಅಷ್ಟು ಹೊತ್ತು ಬಾಯಿಮುಚ್ಚಿ ಕಾಯುವುದು ನನ್ನಿಂದಂತೂ ಆಗದು. ಆಮೇಲೆ ಕೊನೆಯ ಸಾಲಿನಿಂದ ಗಂಟೆ ಬಾರಿಸಿದಂತೆ ದನಿ ಬಂತು: "ತೂಬಗೆರೆ ಸಂತೆಯಲ್ಲಿ ಎಂಟು ಕುರಿಗಳಿದ್ದವು."

ಎಂಟು!

"ಈಗ ನೀವು ಓದಿ," ಎಂದರು ಟೀಚರು, ಹಲಗೆಯ ಮೇಲೆ ಇನ್ನೊಂದು ವಾಕ್ಯ ಬರೆದು.

"ನಾನಾ?"

"ನೀವೇ. ಬಾಗಿಲಲ್ಲೇ ನಿಂತ್ಕೊಂಡು."

ಕಣ್ಣು ಕಿರಿದು ಮಾಡಿದೆ. ಬಿಳಿಯದೇನೋ ಇತ್ತು. "ಕುರಿಗಳು... ಮೂರು?" ಎಂದೆ.

"ಕುರಿ ಅಲ್ಲ ಅಪ್ಪಾ, ಮೇಕೆ!" ಎಂದಳು ಮುತ್ತು. ಅಂದಿನಿಂದ ಅವಳನ್ನು ಯಾರೂ ಸೋಡಾಬುಡ್ಡಿ ಎನ್ನಲಿಲ್ಲ. ನಗುವುದಕ್ಕೆ ನಾನಿದ್ದೆನಲ್ಲ.

ಮುಂದಿನ ವಾರವೇ ನನ್ನ ಮೂಗಿಗೂ ಕನ್ನಡಕ ಏರಿತು. ಎರಡು ದಿನ ನೆಲ ಓರೆಯಾಗಿ, ಕಚೇರಿಯ ಮೆಟ್ಟಿಲನ್ನು ಆನೆಯಂತೆ ಕಾಲೆತ್ತಿ ಹತ್ತಿದೆ. ಮೂರನೆಯ ದಿನ ಹೆಡ್ ಕ್ಲರ್ಕ್ ನರಸಿಂಹಯ್ಯನವರು ಕರೆದು, ಮುತ್ತು ಶಾಲೆಗೆ ಹೋಗುವಾಗ ಕೊಟ್ಟುಹೋದಳೆಂದು ಒಂದು ಕಾಗದ ಮುಂದೆ ಹಿಡಿದರು. ಗುಂಡುಗುಂಡು ಅಕ್ಷರ, ಪದ್ಧತಿಯ ಪ್ರಕಾರವೇ ಇತ್ತು:

'ಮಾನ್ಯರೇ, ವಿಷಯ: ನಮ್ಮಪ್ಪನ ಕನ್ನಡಕದ ಬಗ್ಗೆ. ಅ) ಅವರನ್ನು ಹಳೇ ಜಾಗದಲ್ಲೇ ಕೂರಿಸಿ. ಆ) ನಿಧಾನ ಆದರೆ ಗದರಬೇಡಿ. ಇ) ಯಾರಾದರೂ ನಕ್ಕರೆ ಅವರು ಅದನ್ನು ತೆಗೆದು ಬಚ್ಚಿಡುತ್ತಾರೆ. ದಯವಿಟ್ಟು ಜೇಬು ನೋಡಿ.'

ನರಸಿಂಹಯ್ಯನವರು ಕೈ ಚಾಚಿದರು. "ತೆಗೀಪ್ಪಾ ಈಚೆಗೆ."

ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ.