‘ಒಳ್ಳೆದುಂಟು’ ಅಂದರೆ ಗೋಳಿಬಜೆ ದಂಡ

ನಮ್ಮ ಸೋದರತ್ತೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಸಂಗೀತ ಕಛೇರಿ ಕೇಳಿದವರು ಉಡುಪಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎರಡನೆಯ ಸಲ ಕುಳಿತವರು ಮಾತ್ರ ಒಬ್ಬರೂ ಇಲ್ಲ! ಅತ್ತೆಯ ಗಂಡನನ್ನು ಬಿಟ್ಟರೆ ನಾನೊಬ್ಬ ಇದ್ದೇನೆ, ನಿಜ. ಆದರೆ ನನ್ನದು ರಕ್ತಸಂಬಂಧ, ತಪ್ಪಿಸಿಕೊಳ್ಳುವ ಉಪಾಯವಿಲ್ಲ.

ಅತ್ತೆಗೆ ಹಾಡಲು ಬರುವುದಿಲ್ಲ. ಅವರು ಮಗುವಿಗೆ ಲಾಲಿ ಹಾಡಿದರೆ ಮಗು ಎದ್ದು ಕೂರುತ್ತಿತ್ತು. ಆದರೆ ಕೇಳುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಗಾಯಕರು ಕಣ್ಣು ಮುಚ್ಚಿ ಆಲಾಪನೆಯಲ್ಲಿ ಮುಳುಗಿರುತ್ತಾರೆ, ಸಭೆಯೂ ಮುಳುಗಿರುತ್ತದೆ, ಅಷ್ಟರಲ್ಲಿ ನಿಮ್ಮ ಪಕ್ಕೆಗೆ ಒಂದು ಮೊಣಕೈ ಬಂದು ತಾಗುತ್ತದೆ.

“ಈಗ ಎಂತ ಆಯ್ತು, ಹೇಳು?”

“ಎಂತ ಆಯ್ತು ಅತ್ತೆ? ಒಳ್ಳೆದುಂಟು.”

“ಒಳ್ಳೆದುಂಟು ಅಂತ ಗಂಜಿಗೆ ಹೇಳುವುದು! ಅವರು ಇಷ್ಟು ಹೊತ್ತು ಕೆಳಗೆ ಓಡಾಡ್ತಾ ಇದ್ದವರು ಈಗ ಮೇಲೆ ಹೋಗಿ ಒಂದೇ ಸ್ವರದಲ್ಲಿ ನಿಂತ್ರಲ್ಲ, ಯಾಕೆ ನಿಂತ್ರು?”

ಯಾಕೆ ನಿಂತರೆಂದು ನನಗೇನು ಗೊತ್ತು! ಸುಸ್ತಾಗಿರಬೇಕು ಅಂದೆ. ಆ ಉತ್ತರಕ್ಕೆ ಅವರು ಮೂರು ವಾರ ನನ್ನ ಬಳಿ ಸರಿಯಾಗಿ ಮಾತಾಡಲಿಲ್ಲ.

ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತರಾದವರು ಅತ್ತೆ. ಪ್ರಶ್ನೆ ಕೇಳದೆ ಅವರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಕಟಪಾಡಿ ಜಂಕ್ಷನ್ನಿನಲ್ಲಿ ಒಮ್ಮೆ ನಾವು ಬಸ್ಸಿಗೆ ಕಾದು ನಿಂತಿದ್ದಾಗ ಕಂಡಕ್ಟರ್ ಬಾಗಿಲಿನಿಂದ ನೇತಾಡುತ್ತಾ “ಉಡ್ಪಿ ಉಡ್ಪಿ ಉಡ್ಪಿ, ಸೀಟುಂಟು, ಉಡ್ಪಿ ಉಡ್ಪಿ ಉಡ್ಪಿ, ಮಣಿಪಾಲ ಹೋಗ್ತದೆ, ಹಿಂದೆ ಹೋಗಿ, ಉಡ್ಪಿ ಉಡ್ಪಿ ಉಡ್ಪಿ” ಎಂದು ಕೂಗಿದ. ಅತ್ತೆ ಬಸ್ ಹತ್ತಲಿಲ್ಲ. “ಇದರಲ್ಲಿ ಪಲ್ಲವಿ ಯಾವುದು?” ಅಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಬಸ್ಸು ಹೋಯಿತು. “ಎಲ್ಲಿ ಹೋದರೂ ತಿರುಗಿ ಬರುವುದು ಯಾವುದೋ ಅದೇ ಪಲ್ಲವಿ ಮಾರಾಯ. ಉಡ್ಪಿ!” ಅಂದರು. ಪಲ್ಲವಿ ತಿರುಗಿ ಬಂತು ಸರಿ, ಬಸ್ಸು ಬರಲು ಇನ್ನೂ ಅರ್ಧ ಗಂಟೆ ಬೇಕಾಯಿತು.

ಇಂಥವರು ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುತ್ತಾರೆಯೇ? ಭಾನುವಾರ ಸಂಜೆ ‘ಸಂಗೀತ ಕೇಳುವ ಕ್ಲಾಸು’ ಶುರುಮಾಡಿದರು. ಕಲಿಸುವುದಲ್ಲ, ಹಾಡಿಸುವುದಲ್ಲ, ಬರೀ ಕೇಳುವುದು. ಜಾಗ ಎಲ್ಲಿ? ನಮ್ಮ ಮಾವ, ಅಂದರೆ ಅತ್ತೆಯ ಗಂಡ, ಕಟಪಾಡಿಯಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ಕ್ಲಿನಿಕ್ಕಿಗೆ ರಜೆ. ರೋಗಿಗಳು ಕೂರುವ ಹೊರಗಿನ ಕೋಣೆಯಲ್ಲಿ ಬೇಕಾದಷ್ಟು ಕುರ್ಚಿಗಳಿವೆ, ಗೋಡೆಯಲ್ಲಿ ಹುಳುಕು ಹಲ್ಲಿನ ದೊಡ್ಡ ಚಿತ್ರವಿದೆ. ಆ ಹಲ್ಲಿನ ಕೆಳಗೆ ಎರಡು ಸ್ಪೀಕರ್ ಇಟ್ಟು ಕ್ಲಾಸು ಆರಂಭ! ಕಾಪುವಿನಿಂದ ಲಿಲ್ಲಿ ಟೀಚರ್ ಬಂದರು, ಇಗರ್ಜಿಯ ಗಾಯನ ತಂಡದಲ್ಲಿ ಹಾಡುವವರು, ಕರ್ನಾಟಕ ಸಂಗೀತ ಅವರಿಗೆ ಹೊಸದು. ಕಾರ್ಕಳದಿಂದ ಭಟ್ರು ಬಂದರು, ಅವರಿಗೆ ಎಲ್ಲವೂ ಹಳೆಯದು. ಮಣಿಪಾಲದಲ್ಲಿ ಕೆಲಸ ಮಾಡುವ ನನ್ನನ್ನು ಕಿವಿ ಹಿಡಿದು ಕರೆಸಿಕೊಂಡರು. ಮಾವ ಹೇಗೂ ಕ್ಲಿನಿಕ್ಕಿನ ಯಜಮಾನರು, ಮೂಲೆಯ ಕುರ್ಚಿಯಲ್ಲಿ ಕುಳಿತರು.

ಪ್ರತಿ ವಾರ ಒಂದೇ ಒಂದು ಕೃತಿ ಕೇಳುವುದು, ಆಮೇಲೆ ಅಚ್ಚು ಹಾಕಿದ ಪ್ರಶ್ನೆಪತ್ರಿಕೆ. ಒಂದನೆಯದು ಕಟ್ಟೋಣದ ಬಗ್ಗೆ: ಪಲ್ಲವಿ, ಅನುಪಲ್ಲವಿ, ಚರಣ ಎಲ್ಲೆಲ್ಲಿ ಶುರುವಾದವು? ಹೊಸ ಭಾಗ ಬಂತೆಂದು ನಿಮಗೆ ಹೇಳಿದ್ದು ಯಾವುದು, ಸಾಹಿತ್ಯವೋ, ಸ್ವರ ಮೇಲಕ್ಕೆ ಹೋದದ್ದೋ? ಎರಡನೆಯದು ಭಾವದ ಬಗ್ಗೆ: ಭಾವ ಎಲ್ಲಿ ಬದಲಾಯಿತು? ಬದಲಾಯಿಸಿದ್ದು ವೇಗವೋ, ಏರಿಳಿತವೋ, ಮೌನವೋ? ಮೂರನೆಯದು ಮನೋಧರ್ಮದ ಬಗ್ಗೆ: ಮೊದಲೇ ಕಟ್ಟಿಟ್ಟದ್ದನ್ನು ಬಿಟ್ಟು ಗಾಯಕರು ಅಲ್ಲಿಯೇ ಹುಟ್ಟಿಸಿಕೊಂಡು ಹಾಡಿದ್ದು ಎಲ್ಲಿ? ನಿಮಗೆ ಹೇಗೆ ಗೊತ್ತಾಯಿತು? ಈ ‘ಹೇಗೆ ಗೊತ್ತಾಯಿತು’ ಎಂಬುದರಲ್ಲಿ ಎಲ್ಲರೂ ಮಕಾಡೆ ಬೀಳುತ್ತಿದ್ದೆವು.

ಕೆಳಗೆ ದಪ್ಪಕ್ಷರದಲ್ಲಿ ಎರಡು ಕಾನೂನು. ರಾಗದ ಹೆಸರು ಹೇಳಿದರೆ ಸೊನ್ನೆ. ‘ಒಳ್ಳೆದುಂಟು’ ಎಂದು ಬರೆದರೆ ಮುಂದಿನ ವಾರ ಎಲ್ಲರಿಗೂ ಗೋಳಿಬಜೆ ತರಬೇಕು.

ಮೊದಲು ಬಿದ್ದವರು ಭಟ್ರು. ಅವರು ಪಲ್ಲವಿಯ ಒಂದೇ ಸಾಲನ್ನು ಗಾಯಕರು ಮತ್ತೆ ಮತ್ತೆ, ಪ್ರತಿ ಸಲವೂ ಸ್ವಲ್ಪ ಬೆಳೆಸಿ ಹಾಡುವುದನ್ನು ಕೇಳಿ ತೊಡೆ ತಟ್ಟಿ “ಎಂಥ ಮನೋಧರ್ಮ! ಎಂಥ ಕಲ್ಪನೆ!” ಅಂದರು. ಅತ್ತೆ ಅದೇ ಕೃತಿಯನ್ನು ಅದೇ ಗುರುಪರಂಪರೆಯ ಇನ್ನೊಬ್ಬರು ಹಾಡಿದ್ದನ್ನು ಹಾಕಿದರು. ಅದೇ ಬೆಳವಣಿಗೆ, ಅದೇ ಕ್ರಮ, ಅದೇ ತಿರುವು!

“ಇಬ್ಬರಿಗೂ ಒಂದೇ ಕಲ್ಪನೆ ಬಂತಾ ಭಟ್ರೇ?”

ಭಟ್ರು ಹುಳುಕು ಹಲ್ಲನ್ನು ನೋಡಿದರು.

“ಅದು ಸಂಗತಿ. ಗುರು ಕಲಿಸಿ, ಶಿಷ್ಯ ಕಂಠಪಾಠ ಮಾಡಿದ್ದು. ಮನೋಧರ್ಮ ಬೇಕಾದ್ರೆ ಪಿಟೀಲು ಕೇಳಿ. ಸಂಗತಿಯಲ್ಲಿ ಪಿಟೀಲಿನವರು ಗಾಯಕರ ಒಟ್ಟಿಗೇ ಹೋಗ್ತಾರೆ, ಯಾಕೆ? ಅವರಿಗೂ ಹೆಚ್ಚುಕಮ್ಮಿ ಗೊತ್ತುಂಟು. ಅಲ್ಲೇ ಹುಟ್ಟಿಸಿ ಹಾಡುವ ಕಲ್ಪನಾಸ್ವರಕ್ಕೆ ಬರುವಾಗ ಎಂತ ಮಾಡ್ತಾರೆ? ಕಾಯ್ತಾರೆ! ಗಾಯಕರು ಮುಗಿಸಿದ ಮೇಲೆ ಉತ್ತರ ಕೊಡ್ತಾರೆ. ಮುಂದೆ ಎಂತ ಬರ್ತದೆ ಅಂತ ಅವರಿಗೂ ಗೊತ್ತಿಲ್ಲ ಅಲ್ವಾ?”

ಇಷ್ಟು ವರ್ಷ ಕಛೇರಿಗಳಲ್ಲಿ ತಲೆದೂಗಿದ ನಾನು ಪಿಟೀಲಿನವರು ಕಾಯುವುದನ್ನು ಆವತ್ತು ಮೊದಲ ಸಲ ಕೇಳಿದೆ. ಅತ್ತೆಯ ಮೇಲೆ ನನಗೆ ಅಭಿಮಾನ ಹುಟ್ಟಿದ್ದೂ ಆವತ್ತೇ.

ಲಿಲ್ಲಿ ಟೀಚರ್ ಭಾವದ ಪ್ರಶ್ನೆಯಲ್ಲಿ ಗೆದ್ದರು. ಒಂದು ಆಲಾಪನೆ ಕೇಳಿ ಭಟ್ರು ‘ಭಕ್ತಿ’ ಎಂದು ಬರೆದರು, ನಾನು ‘ಸಂತೋಷ’ ಎಂದು ಬರೆದೆ. ಇಬ್ಬರಿಗೂ ಅತ್ತೆ “ಎಲ್ಲಿ? ಯಾವುದರಿಂದ?” ಎಂದು ಕೇಳಿದಾಗ ನಾವಿಬ್ಬರೂ ಟೀಚರ್ ಕಡೆ ತಿರುಗಿದೆವು. ಟೀಚರ್ ಮೆಲ್ಲಗೆ ಹೇಳಿದರು: “ನನಗೆ ಹೆಸರೆಲ್ಲ ಗೊತ್ತಿಲ್ಲಪ್ಪ. ಆದರೆ ಅವರು ಮೇಲಿನ ‘ಸ’ದ ಹತ್ತಿರ ಹೋಗಿ, ಅದನ್ನು ಮುಟ್ಟದೆ, ಅದರ ಕೆಳಗಿನ ಸ್ವರದಲ್ಲೇ ತುಂಬ ಹೊತ್ತು ನಿಂತ್ರು. ಮನೆ ಎದುರಿಗೆ ಬಂದು ಬೀಗದ ಕೈ ಹುಡುಕಿದ ಹಾಗೆ ಆಯ್ತು ನನಗೆ. ಕಡೆಗೆ ಮುಟ್ಟಿದಾಗ ಕಣ್ಣಲ್ಲಿ ನೀರು ಬಂತು.”

“ಇದು ಉತ್ತರ!” ಎಂದು ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇನ್ನು ಮಾವ. ಅವರ ಉತ್ತರಪತ್ರಿಕೆ ಮಾತ್ರ ಯಾವ ವಾರವೂ ಬದಲಾಗಲಿಲ್ಲ. ಮೂರೂ ಪ್ರಶ್ನೆಗಳಿಗೆ ಸೇರಿಸಿ, ಡಾಕ್ಟರ ಗೀಚು ಅಕ್ಷರದಲ್ಲಿ ಒಂದೇ ಶಬ್ದ: ‘ಒಳ್ಳೆದುಂಟು’. ಮುಂದಿನ ವಾರ ಬಿಸಿಬಿಸಿ ಗೋಳಿಬಜೆ, ಜೊತೆಗೆ ಚಟ್ನಿ! ಮಾವ ಎಂದೂ ಪಾಸಾಗಬಾರದೆಂದು ನಾವು ಮೂವರು ವಿದ್ಯಾರ್ಥಿಗಳು ಒಳಗೊಳಗೇ ಹರಕೆ ಹೊತ್ತಿದ್ದೆವು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕರಿದ ತಿಂಡಿ ತಿನ್ನುವ ಸುಖವೇ ಬೇರೆ.

ಆದರೆ ಅತ್ತೆ ನಗುತ್ತಿರಲಿಲ್ಲ. ಒಂದು ಭಾನುವಾರ ಕುರ್ಚಿ ಸರಿಮಾಡುತ್ತಾ ನನ್ನಲ್ಲಿ ಹೇಳಿದರು: “ಮದುವೆಯಾದಂದಿನಿಂದ ಎಷ್ಟು ಕಛೇರಿಗೆ ಒಟ್ಟಿಗೆ ಹೋದೆವು ಗೊತ್ತುಂಟಾ? ಕರೆದಲ್ಲಿಗೆಲ್ಲ ಬಂದಿದ್ದಾರೆ, ಪಾಪ. ಆದರೆ ಅವರಿಗೆ ಎಂತ ಕೇಳಿಸ್ತದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಮಾರಾಯ. ಪಕ್ಕದಲ್ಲಿ ಕೂತಿರ್ತಾರೆ, ನಾನು ಒಬ್ಬಳೇ ಕೇಳ್ತಾ ಇರ್ತೇನೆ. ಈ ಕ್ಲಾಸು ಮಾಡಿದ್ದು ಯಾರಿಗೆ ಅಂತ ತಿಳ್ಕೊಂಡಿದ್ದೀ? ನಿನಗಾ? ಒಂದು ಪ್ರಶ್ನೆಗೆ, ಒಂದೇ ಒಂದಕ್ಕೆ ಅವರು ಉತ್ತರ ಕೊಡಲಿ ಅಂತ.” ಇಷ್ಟು ಹೇಳಿ ಹುಸಿಕೋಪದಿಂದ ಕುರ್ಚಿಯನ್ನು ದಬ್ಬಿದರು. ಆಮೇಲೆ ನನಗೆ ಗೋಳಿಬಜೆ ಮೊದಲಿನಷ್ಟು ರುಚಿಸಲಿಲ್ಲ. ತಿಂದೆ, ಅದು ಬೇರೆ ಮಾತು.

ಹೀಗಿರಲು ಒಂದು ಭಾನುವಾರ ಪ್ರಿಂಟರ್ ಕೈಕೊಟ್ಟಿತು. ಪ್ರಶ್ನೆಪತ್ರಿಕೆ ಇಲ್ಲ! “ಇವತ್ತು ಬಾಯಿಮಾತಿನ ಪರೀಕ್ಷೆ” ಎಂದು ಅತ್ತೆ ಕೃತಿ ಹಾಕಿದರು. ದೊಡ್ಡ ಕೃತಿ, ಆದಿತಾಳ. ಮುಗಿದ ಮೇಲೆ ಭಟ್ರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಲಿಲ್ಲಿ ಟೀಚರ್ ತಮಾಷೆಗೆ, “ಇವತ್ತು ಡಾಕ್ಟ್ರು ಮೊದಲು ಹೇಳಲಿ. ದಿನಾ ಬೇರೆಯವರ ಬಾಯಿ ತೆರೆಸ್ತಾರಲ್ಲ!” ಅಂದರು.

ಮಾವ ಕನ್ನಡಕ ತೆಗೆದು ಒರೆಸಿದರು. “ಹೇಳಬಹುದು” ಅಂದರು. ಅತ್ತೆ ಕೈಕಟ್ಟಿ ನಿಂತರು.

“ಶುರುವಿನಲ್ಲಿ ತಾಳ ಇರಲಿಲ್ಲ. ಆಲಾಪನೆ. ಅದರ ಅರ್ಧದಲ್ಲಿ ಒಂದು ಕಡೆ ತುಂಬ ಬೇಸರದ್ದು ಬಂತು. ಆಮೇಲೆ ಕೃತಿ ಶುರುವಾಯ್ತು, ಎಲ್ಲ ಮೊದಲೇ ಗೊತ್ತಿದ್ದದ್ದು. ಚರಣದಲ್ಲಿ ಒಂದು ಸಾಲನ್ನು ಹಿಡ್ಕೊಂಡ್ರು. ಶಬ್ದ ಅದೇ, ತಾಳದಲ್ಲಿ ಜಾಗವೂ ಅದೇ, ಹಾಡುವ ಧಾಟಿ ಮಾತ್ರ ಪ್ರತಿ ಸಲ ಬೇರೆ.”

“ನೆರವಲ್!” ಭಟ್ರು ಪಿಸುಗುಟ್ಟಿದರು.

“ಹೆಸರು ನನಗೆ ಗೊತ್ತಿಲ್ಲ. ಆಮೇಲೆ ಸ್ವರ ಹಾಕಿದ್ರು. ಪ್ರತಿ ಸಲವೂ ಆ ಸಾಲಿನ ಶುರುವಿಗೆ ಸರಿಯಾಗಿ ಬಂದು ಸೇರಿದ್ರು. ಕೊನೆಗೆ ಒಂದು ಸಲ ಎಲ್ಲರೂ ಎಂತದೋ ಬರ್ತದೆ ಅಂತ ಕಾಯುವಾಗ, ಎಂತದೂ ಹಾಡದೆ ಸುಮ್ಮನೆ ಬಿಟ್ರು. ಈ ಹಾಡಿನಲ್ಲಿ ಅದೇ ಮೇಲು.”

ಎಲ್ಲವೂ ಸರಿ! ಆ ಖಾಲಿ ಬಿಟ್ಟ ಜಾಗ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅತ್ತೆಯ ಮುಖ ಕೆಂಪಾಗಿತ್ತು. ಆದರೆ ಪ್ರಶ್ನೆ ಕೇಳದೆ ಬಿಡುವ ಜನವೇ ಅವರು?

“ಹೇಗೆ ಗೊತ್ತಾಯ್ತು?”

“ನೀನು ಹೇಳಿದಿ.”

“ನಾನು ಬಾಯಿ ಬಿಡ್ಲಿಲ್ಲ!”

“ಬಾಯಿ ತೆರೆದು ಕೂತವರು ಮಾತಾಡ್ಲಿಕ್ಕೆ ಆಗುವುದಿಲ್ಲ ನೋಡು. ನೋವು ಎಲ್ಲಿ ಅಂತ ನಾನು ಮುಖ ನೋಡಿಯೇ ತಿಳಿಯಬೇಕು. ಅದೇ ಅಭ್ಯಾಸ.” ಮಾವ ಕನ್ನಡಕ ಹಾಕಿಕೊಂಡರು. “ಆಲಾಪನೆಯಲ್ಲಿ ನಿನ್ನ ಕೈ ಸುಮ್ಮನೆ ಇರ್ತದೆ, ತಾಳ ಇಲ್ಲ. ಕೃತಿ ಬಂದ ಕೂಡಲೇ ತೊಡೆ ಮೇಲೆ ಬೆರಳು ಎಣಿಸ್ತದೆ. ಗೊತ್ತಿರುವುದನ್ನು ಹಾಡುವಾಗ ನೀನು ಅವರಿಗಿಂತ ಮೊದಲೇ ತುಟಿ ಆಡಿಸ್ತೀ. ಅವರು ಸ್ವಂತದ್ದು ಹಾಡುವಾಗ ನಿನ್ನ ತುಟಿ ನಿಲ್ತದೆ, ಮುಂದೆ ಎಂತ ಅಂತ ನಿನಗೂ ಗೊತ್ತಿಲ್ಲ. ಸ್ವರ ಹಾಕುವಾಗ ಉಸಿರು ಹಿಡೀತೀ, ಸೇರಿದ ಮೇಲೆ ಬಿಡ್ತೀ. ಇವತ್ತು ಆ ಖಾಲಿ ಬಿಟ್ಟಲ್ಲಿ ಚಿಕ್ಕ ಮಗುವಿನ ಹಾಗೆ ನಕ್ಕಿ. ಎಷ್ಟು ವರ್ಷದಿಂದ ನೋಡ್ತಾ ಇದ್ದೇನೆ! ಕಛೇರಿಗೆ ನಾನು ಬರುವುದು ಮತ್ತೆ ಎಂತಕ್ಕೆ?”

“ಕಾಪಿ!” ಅಂದರು ಅತ್ತೆ. “ಇದು ಕಾಪಿ ಹೊಡೆದದ್ದು!”

“ಮತ್ತೆ ಪ್ರತಿ ವಾರ ಒಳ್ಳೆದುಂಟು ಅಂತ ಯಾಕೆ ಬರೆದದ್ದು ಡಾಕ್ಟ್ರೇ?” ಲಿಲ್ಲಿ ಟೀಚರ್ ಕೇಳಿದರು.

“ನೋಡಿದ್ದನ್ನು ಬರೆದೆ. ಒಳ್ಳೆದೇ ಇತ್ತಲ್ಲ” ಅಂದರು ಮಾವ.

ಅತ್ತೆ ಸ್ಪೀಕರಿನ ವಯರನ್ನು ಸುಮ್ಮನೆ ಎಳೆದರು, ಮತ್ತೆ ಸಿಕ್ಕಿಸಿದರು. ಪ್ರಶ್ನೆ ಇಲ್ಲದ ಅತ್ತೆಯನ್ನು ನಾನು ಕಂಡದ್ದು ಆವತ್ತೇ. ಅವರು ಮಾವನ ಪಕ್ಕದ ಕುರ್ಚಿಯನ್ನು ಎಳೆದು ಅದರಲ್ಲಿ ಕುಳಿತರು.

ಭಟ್ರಿಗೆ ತಡೆಯಲಾಗಲಿಲ್ಲ. “ಮೇಡಂ, ಡಾಕ್ಟ್ರ ಉತ್ತರಕ್ಕೆ ಮಾರ್ಕು ಎಷ್ಟು?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರನ್ನೂ ನೋಡದೆ ಹೇಳಿದರು:

“ಒಳ್ಳೆದುಂಟು.”

ಮುಂದಿನ ಭಾನುವಾರ ಗೋಳಿಬಜೆ ತಂದವರು ಅತ್ತೆ.