ತೊಟ್ಟಿಲಲ್ಲಿ ಇಬ್ಬರು, ಹೆಸರಿಗೆ ಒಬ್ಬಳೇ ಅಕ್ಕ

ನಮ್ಮ ಅಕ್ಕ ಹೆಸರನ್ನು ಕೊಳ್ಳುವುದು ಬದನೆಕಾಯಿ ಕೊಂಡ ಹಾಗೆ. ತಿರುಗಿಸಿ ನೋಡುತ್ತಾಳೆ, ತೊಟ್ಟು ಹಿಡಿದು ನೋಡುತ್ತಾಳೆ, ಹುಳುಕು ಎಲ್ಲಿದೆ ಎಂದು ಒತ್ತಿ ನೋಡುತ್ತಾಳೆ, ಕೊನೆಗೆ ಬುಟ್ಟಿಗೆ ವಾಪಸು ಎಸೆಯುತ್ತಾಳೆ. ಬದನೆಕಾಯಿ ಬೇಡವಾದರೆ ಒಂದು ಹೊತ್ತು ಬೇಳೆಸಾರಿನಲ್ಲಿ ಕಳೆಯಬಹುದು. ಹೆಸರು ಬೇಡವಾದರೆ? ತೊಟ್ಟಿಲಲ್ಲಿ ಎರಡು ಗಂಡುಕೂಸು ಮಲಗಿರುವಾಗ?

ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿನ ಕಡೆ ಮುಖ ಮಾಡಿದ್ದ ಕಾಲ ಅದು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಅಕ್ಕಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅಲ್ಲಿ ನನ್ನ ಹೆಂಡತಿ ಅವಳಿ ಗಂಡುಮಕ್ಕಳನ್ನು ಹೆತ್ತಳು. ಒಬ್ಬ ದಪ್ಪ, ಒಬ್ಬ ಸಣಕಲ. ಬಾಣಂತಿಗೆ ಎದ್ದು ಕೂರುವ ಶಕ್ತಿ ಇರಲಿಲ್ಲ, ಇಬ್ಬರಿಗೆ ಸಾಲುವಷ್ಟು ಹಾಲೂ ಇರಲಿಲ್ಲ. ನಮ್ಮ ಅತ್ತೆ, ಬಾಣಂತಿಯ ತಾಯಿ, ಸಂಡೂರಿನಿಂದ ಬಂದು ಅಡುಗೆಮನೆ ಹಿಡಿದರು. ಅಕ್ಕ ಕಂಪ್ಲಿಯಿಂದ ಬಂದು ಸಣಕಲನನ್ನು ಮಡಿಲಿಗೆ ಹಾಕಿಕೊಂಡಳು. ಮೇಕೆಹಾಲು ಕಾಯಿಸಿ, ಆರಿಸಿ, ಒಳಲೆಯಿಂದ ತೊಟ್ಟು ತೊಟ್ಟಾಗಿ ಅವನ ಬಾಯಿಗೆ ಬಿಡುವುದು ಅವಳ ಕೆಲಸ. ಅವಳಿಗೆ ಮಕ್ಕಳಿರಲಿಲ್ಲ. ಒಳಲೆಯನ್ನು ಬೇರೆ ಯಾರಾದರೂ ಮುಟ್ಟಿದರೆ ಹುಲಿಯಾಗುತ್ತಿದ್ದಳು.

ಅವಳನ್ನು ಬಿಟ್ಟುಹೋಗಲು ಭಾವನೂ ಬಂದಿದ್ದರು. ಭಾವ ಸಾಧು ಮನುಷ್ಯ, ಆದರೆ ಹೆಂಡತಿಯೊಂದಿಗೆ ಮಾತಾಡಿದರೆ ಪಕ್ಕದ ಓಣಿಯ ನಾಯಿಗಳು ಏಳುತ್ತಿದ್ದವು. "ನೀರು ಕೊಡು!" ಎನ್ನುವುದನ್ನೂ ಕೂಗಿಯೇ ಹೇಳುವರು. ಪಾಪ, ಕಂಪ್ಲಿಯಲ್ಲಿ ದಿನಾ ಜಗಳವೇ ಇರಬೇಕು ಎಂದು ನಾವು ಮರುಗುತ್ತಿದ್ದೆವು. ಅಕ್ಕನಿಗೂ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಯಾರೇ ಮಾತಾಡಲಿ, ಎದುರಿಗೆ ಬಂದು ನಿಂತು ಅವರ ಬಾಯನ್ನೇ ದುರುಗುಟ್ಟಿ ನೋಡುವಳು. ನಮ್ಮ ಅತ್ತೆ ಇದರಿಂದ ಎಲೆಅಡಿಕೆ ಹಾಕುವುದನ್ನೇ ಬಿಟ್ಟರು. "ನಿಮ್ಮಕ್ಕ ನನ್ನ ಹಲ್ಲು ಎಣಿಸ್ತಾಳಪ್ಪ!" ಎಂದು ನನ್ನ ಬಳಿ ದೂರು.

ತೊಟ್ಟಿಲಿಗೆ ಹಾಕಿ ಹೆಸರಿಡುವ ಹಕ್ಕು ನಮ್ಮಲ್ಲಿ ಸೋದರತ್ತೆಯದು, ಅಂದರೆ ಅಕ್ಕನದು. ಸಣಕಲನಿಗೆ ಮೈ ಸರಿ ಇಲ್ಲದೆ ಕಾರ್ಯ ಮುಂದೆ ಹೋಯಿತು. ಅಲ್ಲಿಯವರೆಗೆ ಕೂಸುಗಳನ್ನು "ಅದು, ಇದು" ಎನ್ನಲಾದೀತೆ? ನಮ್ಮ ಅತ್ತೆ ಯಾರನ್ನೂ ಕೇಳದೆ ದಪ್ಪನನ್ನು ಬಸವರಾಜ ಎಂದೂ ಸಣಕಲನನ್ನು ಬಸಲಿಂಗ ಎಂದೂ ಕರೆಯತೊಡಗಿದರು. ಕೇಳಲು ಎಷ್ಟು ಚೆಂದ! ಜೋಡಿ ಎತ್ತಿಗೆ ಜೋಡಿ ಗೆಜ್ಜೆ ಕಟ್ಟಿದ ಹಾಗೆ. ಆದರೆ ನಮ್ಮ ಕಡೆ ಯಾವ ಹೆಸರು ತಾನೇ ಇಡಿಯಾಗಿ ಉಳಿದಿದೆ? ಮೂರೇ ದಿನದಲ್ಲಿ ಬಸವರಾಜನೂ ಬಸ್ಯಾ, ಬಸಲಿಂಗನೂ ಬಸ್ಯಾ.

ಒಂದು ಮಧ್ಯಾಹ್ನ ಅತ್ತೆ ಒಲೆಯ ಮುಂದಿನಿಂದ ಕೇಳಿದರು, "ಬಸ್ಯಾಗ ಹಾಲಾತೇನು?"

"ಆತವ್ವಾ" ಎಂದಳು ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡೇ. ಅವಳು ಕುಡಿಸಿದ್ದು ದಪ್ಪನಿಗೆ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಹಿತ್ತಿಲಿನಲ್ಲಿ ಬಟ್ಟೆ ಒಗೆದು ಬಂದಳು. ಒಳಲೆ ತೊಳೆದು ಬೋರಲು ಹಾಕಿತ್ತು. "ಬಸ್ಯಾಗ ಆಗೈತ್ರಿ" ಎಂದರು ಅತ್ತೆ, ಈರುಳ್ಳಿ ಹೆಚ್ಚುತ್ತ, ತಲೆ ತಗ್ಗಿಸಿ. ಅಕ್ಕ ತಲೆ ಆಡಿಸಿ ಹೋಗಿ ಅಡ್ಡಾದಳು. ಎಷ್ಟು ದಿನದ ನಿದ್ದೆ ಬಾಕಿ ಇತ್ತೋ ಅವಳಿಗೆ. ನಮಗೆಲ್ಲರಿಗೂ ಇತ್ತು. ದಪ್ಪ ಕೂಸು ಹಸಿದರೆ ಓಣಿ ಕೂಡಿಸುತ್ತದೆ. ಸಣಕಲ ಅಳುವುದಕ್ಕೂ ಹಾಲು ಬೇಕು. ಅವನು ಸುಮ್ಮನೆ ಮಲಗಿದ. ಜಾಣ ಕೂಸು ಎಂದುಕೊಂಡೆವು.

ದೀಪ ಹಚ್ಚುವ ಹೊತ್ತಿಗೆ ನಾನು ಅಂಗಡಿಯಿಂದ ಒಳಗೆ ಬಂದು ಅವನನ್ನು ಎತ್ತಿಕೊಂಡೆ. ಕುತ್ತಿಗೆ ನನ್ನ ಅಂಗೈ ಮೇಲೆ ಹಾಗೇ ಬಿತ್ತು. ತುಟಿ ಒಣಗಿತ್ತು. ಹೆಸರು ಹಿಡಿದು ಕರೆದೆ, ರೆಪ್ಪೆ ಅಲುಗಲಿಲ್ಲ. ಅಕ್ಕ ನನ್ನ ಮುಖ ನೋಡಿಯೇ ಓಡಿ ಬಂದಳು. ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಅವನ ತುಟಿಯ ಸಂದಿಗೆ ಇಟ್ಟಳು. ಹಾಲು ಗಲ್ಲದ ಮೇಲೆ ಹರಿಯಿತು. ಮತ್ತೆ ಅದ್ದಿದಳು, ಮತ್ತೆ ಹರಿಯಿತು. ಅದೆಷ್ಟನೆಯ ಸಲವೋ, ಗಂಟಲು ಒಮ್ಮೆ ಕದಲಿತು. ನಾನು ಆ ಗಂಟಲನ್ನು ಈಗಲೂ ನೋಡುತ್ತಿದ್ದೇನೆ.

ಮರುದಿನದಿಂದ ಅಕ್ಕ ಹೆಸರುಗಳ ಮೇಲೆ ಯುದ್ಧ ಸಾರಿದಳು.

"ಪೂರ್ತಿ ಹೆಸರು ಯಾರು ಕರೀತಾರಲೇ ತಮ್ಮಾ? ಕಚೇರಿ ಜವಾನ ಒಬ್ಬನs. ಮನ್ಯಾಗ ಕರಿಯೋದು ತುಂಡು ಹೆಸರು. ಮೊದಲು ಆ ತುಂಡು ಹೇಳು, ಆಮ್ಯಾಲ ಇಡೀದು ಹೇಳು."

ಬಂದವರೆಲ್ಲ ಒಂದೊಂದು ಜೋಡಿ ತಂದರು. ಪಕ್ಕದ ಮನೆಯ ಮಾಸ್ತರರು ರಾಮ-ಲಕ್ಷ್ಮಣ ಎಂದರು. ಶಬ್ದ ಬೇರೆ, ಜೋಡಿ ಲೋಕಕ್ಕೇ ಗೊತ್ತು. ಅಕ್ಕ ಒಪ್ಪಲಿಲ್ಲ. "ಲಕ್ಷ್ಮಣ ಅಂತ ಇಟ್ಟ ಕೂಸು ಸಾಯೋತನಕ ಅಣ್ಣನ ಹಿಂದ ನಡೀಬೇಕೇನ್ರಿ?" ಲವ-ಕುಶ? ಆಗ ಅವಳು ಮಾಸ್ತರರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಅಪ್ಪ ಅಡವಿಗೆ ಬಿಟ್ಟ ಮಕ್ಕಳು ಅವು. ಯಾಕ, ನಿನಗೂ ಹಂಗೇನರ ವಿಚಾರ ಐತೇನು?" ರಾಜಶೇಖರ-ಸೋಮಶೇಖರ ಬಂತು. "ಬಾಲ ಒಂದs ಐತಿ. ಹಿತ್ತಲದಾಗ ನಿಂತರ ಬಾಲ ಅಷ್ಟ ಕೇಳತೈತಿ." ಮಲ್ಲಪ್ಪ-ಮಲ್ಲಣ್ಣ ತಂದವರಿಗೆ ಮಜ್ಜಿಗೆಯನ್ನೂ ಕೊಡಲಿಲ್ಲ.

ನನ್ನ ಬಳಿ ಒಂದು ಬ್ರಹ್ಮಾಸ್ತ್ರ ಇತ್ತು. ಹಂಪಿಯ ದೇವರು ವಿರೂಪಾಕ್ಷನೂ ಹೌದು, ಪಂಪಾಪತಿಯೂ ಹೌದು. ಒಂದೇ ದೇವರು, ಎರಡು ಹೆಸರು. ಒಂದೇ ಬಸಿರು, ಎರಡು ಕೂಸು! ಮೊದಲಕ್ಷರ ಬೇರೆ, ಉದ್ದ ಬೇರೆ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿದೆ? ಅಕ್ಕ ಎರಡನ್ನೂ ತುಟಿಯಲ್ಲೇ ಆಡಿಸಿ ನೋಡಿದಳು. "ಚಲೋ ಐತಿ. ಆದರ ಹೊಳಿ ದಾಟಿಸಿ ನೋಡಬೇಕು" ಎಂದಳು.

ನಾನು ಭತ್ತ ನೋಡಲು ಬುಕ್ಕಸಾಗರಕ್ಕೆ ಹೊರಟಿದ್ದೆ. ಸಣಕಲನಿಗೆ ಹಾಲು ಕುಡಿಸಿ, ಒಳಲೆಯನ್ನು ನನ್ನ ಹೆಂಡತಿಯ ಕೈಗೇ ಕೊಟ್ಟು, ಅಕ್ಕನೂ ಬಂಡಿ ಹತ್ತಿದಳು. ಅವಳು ಹೊಳೆಯ ಈಚೆ ದಡದಲ್ಲಿ ನಿಂತಳು, ನನ್ನನ್ನು ಹರಿಗೋಲಿನಲ್ಲಿ ಕೂರಿಸಿ ಆಚೆ ದಡಕ್ಕೆ ಕಳಿಸಿದಳು. ಗೌರವಸ್ಥ ವ್ಯಾಪಾರಿ ನಾನು. ಬಿಸಿಲಿನಲ್ಲಿ ಬಂಡೆಯ ಮೇಲೆ ನಿಂತು, ಬಾಯಿಗೆ ಕೈ ಗೂಡು ಮಾಡಿ, ನಾಳೆ ಊರವರು ಕರೆಯುವ ಹಾಗೆಯೇ ಕೂಗಿದೆ, "ವಿರುಪಣ್ಣಾ! ಪಂಪಣ್ಣಾ!"

ಗದ್ದೆಯಿಂದ ಇಬ್ಬರು ಎದ್ದು ಬಂದರು. ಬಾಳೆತೋಟದಿಂದ ಮೂವರು. ಆ ಸೀಮೆಯಲ್ಲಿ ವಿರುಪಣ್ಣನಲ್ಲದವನು ಪಂಪಣ್ಣ, ಇದನ್ನು ನಾನು ಮರೆತಿದ್ದೆ! "ಯಾಕ್ರಿ ಸಾವಕಾರ್ರ, ಯಾರು ಮುಳುಗಿದರ್ರಿ?" ಎಂದು ಹಗ್ಗ ಹಿಡಿದೇ ಬಂದಿದ್ದರು. ನಾನು ಮುಳುಗಿದ್ದೆ, ಆದರೆ ಹೇಳುವುದು ಹೇಗೆ?

ವಾಪಸು ಬಂದಾಗ ಅಕ್ಕ, ಏನು ಕೇಳಿಸಿತು ಎಂದು ಬಂಡಿ ಹೊಡೆಯುವವನನ್ನು ವಿಚಾರಿಸಿ, ತಲೆ ಅಲ್ಲಾಡಿಸುತ್ತಿದ್ದಳು. "ಎರಡೂ ಸಲ 'ಪಣ್ಣಾ' ಅಷ್ಟ ಬಂತು. ತಲಿ ಹೊಳಿಯಾಗ ಬಿತ್ತು." ನಿಜವೇ. ಉದ್ದಕ್ಕೆ ಕೂಗಿದಾಗ ಹೆಸರಿನ ಮೂಳೆಗಳು ನೀರಿಗೆ ಬೀಳುತ್ತವೆ. ಎಳೆದು ಹಾಡುವ ಸ್ವರ ಮಾತ್ರ ದಡ ಮುಟ್ಟುತ್ತದೆ. ಇಷ್ಟು ತಿಳಿಯಲು ಹರಿಗೋಲಿನವನಿಗೆ ಎರಡು ಸಲದ ಕೂಲಿ ಕೊಟ್ಟೆ.

ದಿನ ಕಳೆದವು. ಹೊಳೆಯಿಂದ ಬಂದ ಮೇಲೆ ಸಣಕಲನನ್ನು ಅಕ್ಕ ಮಡಿಲಿನಿಂದ ಇಳಿಸಲಿಲ್ಲ. ಮನೆಯಲ್ಲಿ ಎಲ್ಲರ ಕಣ್ಣೂ ಕೆಂಪು, ಎಲ್ಲರ ಮಾತೂ ಅರ್ಧ. ಕೊನೆಗೆ ಒಂದು ಸಂಜೆ, ಅಷ್ಟೂ ದಿನ ಬಾಯಿ ಬಿಡದ ನನ್ನ ಹೆಂಡತಿ ಗೋಡೆಗೆ ಒರಗಿಕೊಂಡು ಹೇಳಿದಳು, "ಅಕ್ಕಾರ, ದೊಡ್ಡವನಿಗೆ ಚಂದ್ರಶೇಖರ, ಇವನಿಗೆ ಸೋಮನಾಥ. ಇಬ್ಬರ ತಲಿಮ್ಯಾಲೂ ಒಂದs ಚಂದ್ರ. ಇನ್ನ ನನ್ನ ಕಡಿ ಆಗೂದಿಲ್ರಿ."

ಅಕ್ಕ ಅವಳೆದುರು ಕುಕ್ಕರಗಾಲಿನಲ್ಲಿ ಕುಳಿತಳು. "ಇನ್ನೊಮ್ಮೆ ಹೇಳವ್ವ. ತುಂಡು ಹೇಳು."

"ಚಂದ್ರು. ಸೋಮ."

"ಈಗ ಬೈದು ಕರಿ."

"ಲೇ ಚಂದ್ರ್ಯಾ. ಲೇ ಸೋಮ್ಯಾ."

"ಬೈಯೋವಾಗ ಬಾಲ ಒಂದs ಆತಲ್ಲ!" ಎಂದು ನಾನು ಹೆದರುತ್ತಲೇ ನೆನಪಿಸಿದೆ.

"ಬಾಲ ಆಗಲಿ ಬಿಡು, ತಲಿ ಬ್ಯಾರೆ ಅದಾವು. ಒಂದಕ್ಕ ಬಾಯಿ ಅಗಲ ಆಗತೈತಿ. ಇನ್ನೊಂದಕ್ಕ ತುಟಿ ಗುಂಡಗಾಗಿ ಮುಚ್ಚತೈತಿ. ನೋಡಿದರ ತಿಳೀತೈತಿ" ಎಂದಳು ಅಕ್ಕ.

ಹೆಸರನ್ನು ಯಾರಾದರೂ ನೋಡುತ್ತಾರೆಯೇ? ನನಗೆ ನಗು ಬಂತು. ಆದರೆ ಅವಳು ಒಪ್ಪಿದ್ದಳಲ್ಲ, ಅಷ್ಟು ಸಾಕಾಗಿತ್ತು. ಜಗಳ ತೆಗೆಯಲು ಯಾರಿಗೂ ಜೀವ ಇರಲಿಲ್ಲ.

ತೊಟ್ಟಿಲ ಕಾರ್ಯ ಆಯಿತು. ಸೋದರತ್ತೆ ಕೂಸಿನ ಕಿವಿಯಲ್ಲಿ ಗುಟ್ಟಾಗಿ ಹೆಸರು ಉಸುರಬೇಕು, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ಸಂಪ್ರದಾಯ. ಅಕ್ಕ ಬಗ್ಗಿದಳು, ಕೂಸಿನ ಕಿವಿಗೆ ಕೈ ಅಡ್ಡ ಹಿಡಿದಳು, ಉಸುರಿದಳು, "ಚಂದ್ರಶೇಖರಾ!"

ದಪ್ಪ ಕೂಸು ಬೆಚ್ಚಿ ಕಿರುಚಿತು. ಬೀದಿಯಲ್ಲಿ ಹೋಗುತ್ತಿದ್ದ ಬಂಡಿ ನಿಂತಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. "ಗುಟ್ಟು ಬಳ್ಳಾರಿ ಮುಟ್ಟಿತಲ್ರೀ!" ಎಂದು ಅತ್ತೆ ಎಲ್ಲರಿಗಿಂತ ಜೋರಾಗಿ ಗುದ್ದಿದರು; ಹಲ್ಲು ಎಣಿಸಿದ್ದಕ್ಕೆ ಬಡ್ಡಿ ಸೇರಿಸಿ ಗುದ್ದಿದರೇನೋ. ಅಕ್ಕನೂ ನಕ್ಕಳು. ಆದರೆ ಸೋಮನಾಥನ ಸರದಿ ಬಂದಾಗ ಅವಳು ಗಂಟಲಿನ ಮೇಲೆ ಬೆರಳು ಇಟ್ಟುಕೊಂಡು, ಬರಿ ತುಟಿ ಆಡಿಸಿದ ಹಾಗೆ ಹೇಳಿದ್ದನ್ನು ನಾನು ನೋಡಿದೆ. ಬೆರಳು ಯಾಕೆ ಎಂದು ತಿಳಿಯಲಿಲ್ಲ.

ಬಂದವರು ಗುಗ್ಗರಿ ತಿಂದು ಹೋದರು. ಅಕ್ಕ ಒಳಲೆಗೆ ಹಾಲು ತುಂಬಿಕೊಂಡು ಎರಡೂ ಕೂಸುಗಳ ನಡುವೆ ಕುಳಿತಿದ್ದಳು. ನನಗೆ ಬೆನ್ನು ಮಾಡಿದ್ದಳು.

"ಲೇ ತಮ್ಮಾ, ಬಾಗಿಲದಾಗ ನಿಂತೀ ಅಲ್ಲ, ಗೋಡಿಮ್ಯಾಲ ನೆರಳು ಬಿದ್ದೈತಿ. ಅಲ್ಲಿಂದನ ಒಂದು ಹೆಸರು ಕರಿ. ಯಾರಿಗೆ ಹಾಲು ಅಂತ ಹೇಳು, ನೋಡೂಣು."

ನಾನು ಕರೆದೆ, "ಸೋಮಾ."

ಅವಳು ಕದಲಲಿಲ್ಲ. ಇನ್ನೊಂದು ಸಲ, ಕೊಂಚ ಗಟ್ಟಿಯಾಗಿ ಕರೆದೆ. ತೊಟ್ಟಿಲ ಹಗ್ಗದ ಮೇಲೆ ಕೂತಿದ್ದ ಗುಬ್ಬಿ ಬೆದರಿ ಹಾರಿಹೋಯಿತು.

"ಯಾಕ ಸುಮ್ಮನ ನಿಂತೀಯೋ? ಕರಿಯೋ!" ಎಂದಳು ಅಕ್ಕ.

ಭಾವ ಯಾಕೆ ಕೂಗುತ್ತಿದ್ದರು, ಈರುಳ್ಳಿ ಹೆಚ್ಚುತ್ತ ತಲೆ ತಗ್ಗಿಸಿ ಆಡಿದ ಮಾತಿಗೆ ಅಕ್ಕ ಯಾಕೆ ತಲೆ ಆಡಿಸಿದ್ದಳು, ಹೆಸರುಗಳನ್ನು ಯಾರ ಕಿವಿಗೆಂದು ಹೊಳೆ ದಾಟಿಸಿದಳು, ಗಂಟಲಿನ ಮೇಲೆ ಬೆರಳಿಟ್ಟು ತನ್ನ ದನಿಯನ್ನು ಯಾಕೆ ತಡವಿ ನೋಡಿದಳು, ಎಲ್ಲವೂ ಆ ಬಾಗಿಲಲ್ಲಿ ನನ್ನ ಮುಂದೆ ಬಂದು ನಿಂತವು. ಅವತ್ತಿನ ತಪ್ಪು ಹೆಸರಿನದೋ ಕಿವಿಯದೋ, ಅವಳು ಒಬ್ಬಳೇ ಇಷ್ಟು ದಿನ ತೂಗುತ್ತಿದ್ದಳು.

ನಾನು ಸುತ್ತು ಬಳಸಿ ಹೋಗಿ ಅವಳ ಎದುರು ಕುಳಿತೆ. ಅವಳು ನನ್ನ ಬಾಯನ್ನೇ ನೋಡಿದಳು. ದನಿ ಹೊರಡಿಸದೆ, ತುಟಿ ಗುಂಡಗೆ ಮಾಡಿ, ಮುಚ್ಚಿ, ತೆರೆದೆ.

ಅಕ್ಕ ಸಣಕಲನ ತಲೆಯ ಮೇಲೆ ಕೈ ಇಟ್ಟಳು.

"ಹೆಸರು ಸರಿ ಅದಾವು" ಎಂದು, ಒಳಲೆಯನ್ನು ಅವನ ತುಟಿಗೆ ಬಗ್ಗಿಸಿದಳು.