ನಾಲ್ಕೇ ಮಾತಿನ ಚಿಗವ್ವ

ನಮ್ಮ ಚಿಗವ್ವನ ಎದುರು ದೇವರೇ ಪ್ರತ್ಯಕ್ಷನಾಗಿದ್ದರೂ ಅವಳು ವರ ಬೇಡುತ್ತಿರಲಿಲ್ಲ. ಮೊದಲು ಅವನ ಹೆಸರು, ತರಗತಿ, ಊರು, ಪಕ್ಷ ಕೇಳುತ್ತಿದ್ದಳು!

ಅವ್ವನ ತಂಗಿ ಅವಳು. ಎಪ್ಪತ್ತರ ದಶಕದಲ್ಲಿ ವಿಜಾಪುರದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತ, ಜಲನಗರದಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದಳು. ಅಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ ನಡೆದರೆ, ಮೊದಲ ಭಾಷಣಕಾರ ಏಳುವ ಮುನ್ನ ವಿಷಯವನ್ನೂ ಎರಡೂ ತಂಡಗಳನ್ನೂ ಸಭೆಗೆ ಪರಿಚಯಿಸುವ ಕೆಲಸ ಅವಳದೇ. ಆ ಚಟ ಮನೆಗೂ ಬಂದಿತ್ತು. ಬದನೆಕಾಯಿ ಪಲ್ಯವನ್ನೂ ಶೇಂಗಾ ಹಿಂಡಿಯನ್ನೂ ಸರಿಸಮ ಮಾತಿನಲ್ಲಿ ಪರಿಚಯಿಸುವವರೆಗೆ ನಾವು ರೊಟ್ಟಿ ಮುರಿಯುವಂತಿರಲಿಲ್ಲ!

“ಚಿಗವ್ವಾ, ಹಸಿವ್ಯಾಗೇತಿ ಬೇ!”

“ಸಭಿಕರು ಶಾಂತರಾಗಿರಬೇಕು.”

ನಮ್ಮಕ್ಕನನ್ನು ನೋಡಲು ಅರಕೇರಿಯವರು ಬಂದಾಗ ಕೇಳಬೇಕೇ? ಹುಡುಗಿಯ ಸಿಟ್ಟಿಗೊಂದು ವಾಕ್ಯ, ಹುಡುಗನ ತಂಬಾಕಿಗೊಂದು ವಾಕ್ಯ. ವರನ ತಾಯಿ ಕೆರಳಿದಳು. “ನನ್ನ ಮಗಗ ಚಟ ಐತಂತ ಯಾರ ಹೇಳ್ಯಾರ್ರಿ ನಿಮಗ?”

“ಅವರ ಹಲ್ಲ ಹೇಳಾಕತ್ತಾವಲ್ರಿ!”

ಆಶ್ಚರ್ಯವೆಂದರೆ ಮದುವೆ ಆಯಿತು. ಮುಚ್ಚಿಡಲು ಇಬ್ಬರಿಗೂ ಏನೂ ಉಳಿದಿರಲಿಲ್ಲವಲ್ಲ!

ಆಗ ನಾನು ತಿಕೋಟಾದಿಂದ ಬಬಲೇಶ್ವರದ ಹೊಸ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನಗೆ ಇಟ್ಟಂಗಿಹಾಳದ ಕಡೆಯಿಂದ ಸಂಬಂಧವೊಂದು ಬಂದಿತ್ತು. ಅದೇ ಹೊತ್ತಿಗೆ ಚಿಗವ್ವನ ಕಾಲೇಜಿನ ಚರ್ಚಾಸ್ಪರ್ಧೆಗೆ ನನ್ನ ಹೆಸರೂ ಹೋಗಿತ್ತು. “ವಿಜಾಪುರದಾಗ ಇದೊಂದ ಭಾಷಣ ಮಾಡಿಬಿಡು. ಆಮ್ಯಾಲ ಕಾಲೇಜು ಸಾಕು,” ಎಂದಿದ್ದರು ಅಪ್ಪ. ಮೊದಲೇ ಅಂಚೆಯಲ್ಲಿ ಬಂದಿದ್ದ ಚರ್ಚೆಯ ವಿಷಯ ಏನು ಗೊತ್ತೇ? ‘ಹೆಣ್ಣುಮಕ್ಕಳಿಗೆ ಕಾಲೇಜು ಶಿಕ್ಷಣ ಅನಗತ್ಯ’! ಚೀಟಿ ಎತ್ತಿದಾಗ ಚಿಗವ್ವನ ಕಾಲೇಜಿನ ಹುಡುಗರಿಬ್ಬರಿಗೆ ಪರ, ನನಗೂ ನನ್ನ ಗೆಳತಿಗೂ ವಿರೋಧ ಬಂತು.

ಸಭೆ ಶುರುವಾಗುವ ಮುನ್ನ ಆ ಕಾಲೇಜಿನ ಚರ್ಚಾಕೂಟದ ಕಾರ್ಯದರ್ಶಿಗಳು ಚಿಗವ್ವನ ಕೈಗೊಂದು ಕಾಗದ ತುರುಕಿದರು. ಅದರಲ್ಲಿ ತಮ್ಮ ಹುಡುಗರು ‘ಕಳೆದ ಸಲ ಬಹುಮಾನದ ಢಾಲು ಗೆದ್ದ ವಾಕ್ಚತುರರು’. ನಾನು ‘ಹಳ್ಳಿಯಿಂದ ಬಂದರೂ ಧೈರ್ಯ ತೋರಿದ, ತಿಕೋಟಾದ ಗೌಡರ ಸುಪುತ್ರಿ’. ಚಿಗವ್ವ ಅದನ್ನು ಮಡಚಿ ನೀರಿನ ಲೋಟದ ಕೆಳಗಿಟ್ಟಳು.

“ತೀರ್ಪುಗಾರರು ಇನ್ನೂ ಒಂದ ಮಾತ ಕೇಳಿಲ್ಲ. ಈಗ ನಾ ಇವರನ್ನ ಗೆದ್ದವರು, ಅವರನ್ನ ಪಾಪದವರು ಅಂದ್ರ ತೀರ್ಪ ನಾನ ಕೊಟ್ಟಂಗ ಆತಲ್ರಿ, ಸರ?”

“ನೀವೂ ನಮ್ಮ ಕಾಲೇಜಿನವ್ರ ಅಲ್ರಿ, ಬಾಯಾರ?”

“ಮೈಕಿನ ಮುಂದ ನಾ ಯಾರ ಪೈಕಿನೂ ಅಲ್ರಿ.”

ಮೈಕಿನ ಮುಂದೆ ನಿಂತು, “ಈ ಸಭೆಯ ಅಭಿಪ್ರಾಯದಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜು ಶಿಕ್ಷಣ ಅನಗತ್ಯ” ಎಂದು ಎರಡು ಸಲ ಓದಿದಳು. ಯಾವ ಶಬ್ದಕ್ಕೂ ಒತ್ತಿಲ್ಲ, ವ್ಯಂಗ್ಯವಿಲ್ಲ. ವಿಷಯ ಅವಳ ಬಾಯಿಯಿಂದ ಹೊರಟರೂ ಅವಳದಾಗಬಾರದು, ಅದು ಅವಳ ಕಟ್ಟುನಿಟ್ಟು. ಅಷ್ಟರಲ್ಲಿ ಮೂರನೇ ಸಾಲಿನಿಂದ ಒಂಟಿ ಚಪ್ಪಾಳೆ! “ಖರೇ ಮಾತ!” ನೋಡಿದರೆ ನನ್ನನ್ನು ಕರೆತಂದಿದ್ದ ನಮ್ಮಪ್ಪ! ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

“ಹಿರಿಯರೇ, ಇದು ವಿಷಯ, ತೀರ್ಪಲ್ಲ. ಎರಡೂ ಕಡೆ ಕೇಳಿದ ಮೇಲೆ ಚಪ್ಪಾಳೆ ಹೊಡೆಯಿರಿ,” ಎಂದಳು ಚಿಗವ್ವ. ಸ್ವಂತ ಅಕ್ಕನ ಗಂಡನಿಗೆ!

ಆಮೇಲೆ ಅಧ್ಯಕ್ಷರ ಬಲಗಡೆ ಕುಳಿತ ಪರ ತಂಡ, ಎಡಗಡೆಯ ವಿರೋಧ ತಂಡ. ಒಬ್ಬೊಬ್ಬರಿಗೂ ನಾಲ್ಕೇ ಮಾತು: ಹೆಸರು, ತರಗತಿ, ಊರು, ಪಕ್ಷ. ಢಾಲಿಲ್ಲ, ಹಳ್ಳಿಯಿಲ್ಲ, ಸುಪುತ್ರಿಯಿಲ್ಲ. “ಪ್ರತಿಯೊಬ್ಬರಿಗೂ ಐದು ನಿಮಿಷ. ನಾಲ್ಕನೇ ನಿಮಿಷಕ್ಕೆ ಒಂದು ಸಲ ಗಂಟೆ, ಎಚ್ಚರಿಕೆಗೆ. ಐದಕ್ಕೆ ಎರಡು ಸಲ. ಆಗ ಯಾರೇ ಆಗಲಿ ಕೂರಲೇಬೇಕು.”

ಕಾರ್ಯದರ್ಶಿಗಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ನಮ್ಮ ಹುಡುಗರು ಹೋದ ವರ್ಷ ಢಾಲು...” ಎನ್ನುವಷ್ಟರಲ್ಲಿ ಚಿಗವ್ವ ಸಮಯಪಾಲಕರ ಮೇಜಿನ ಗಂಟೆ ಎತ್ತಿ ಎರಡು ಸಲ ಬಾರಿಸಿದಳು! ಸಭೆಗೆ ಸಭೆಯೇ ನಕ್ಕಿತು. ಅವರು ಕೂತರು. ನಿಯಮ ಅಂದರೆ ನಿಯಮ. ಆಗಲೇ ಅವಳು ಪರ ತಂಡದ ಮೊದಲ ಹುಡುಗನನ್ನು ಕರೆದದ್ದು. ಅವನು ಮುಗಿಸಿದ ಮೇಲೆ ನನ್ನ ಸರದಿ. ಅಪ್ಪ ಪೂರ್ತಿ ಐದು ನಿಮಿಷ ನನ್ನ ಮಾತಿಗೆ ಅಡ್ಡ ಬಾರದೆ ಕೇಳಿದ್ದು ಅದೇ ಮೊದಲು.

ಢಾಲು ಆ ಹುಡುಗರಿಗೇ ಹೋಯಿತು. ಹೊರಗೆ ಬಂದ ಅಪ್ಪ ಚಿಗವ್ವನ ಮೇಲೆ ಹರಿಹಾಯ್ದರು. “ಯಾಕವಾ, ನನ್ನ ಹೆಸರ ಹೇಳಾಕ ನಾಲಿಗಿ ಏಳಲಿಲ್ಲೇನ?”

“ಮಾತಾಡಾಕಿ ನೀವಲ್ಲಲ್ರಿ, ಮಾವಾರ.”

ಅಪ್ಪ ದಡದಡ ಹೋಗಿ ಬಸ್ಸು ಹತ್ತಿದರು. ನನ್ನ ಕಾಲೇಜು ಮುಗಿಯಿತೆಂದುಕೊಂಡು ನಾನು ಕಿಟಕಿಯ ಕಡೆ ಮುಖ ಮಾಡಿದೆ. ನಮ್ಮೂರಿನವರೊಬ್ಬರು ಕೇಳಿದರು, “ಏನ ಗೌಡ್ರ, ಮಗಳನ್ನ ಕರಕೊಂಡ ಎಲ್ಲಿಗಿ ಹೋಗಿದ್ರಿ?”

ಅಪ್ಪ ಕಂಬಿ ಹಿಡಿದು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

“ಹೆಸರು ಕಸ್ತೂರಿ. ಬಿ.ಎ. ಎರಡನೇ ವರ್ಷ. ಊರು ತಿಕೋಟಾ. ಪಕ್ಷ ವಿರೋಧ.” ಸಣ್ಣ ದನಿಯಲ್ಲಿ ಸೇರಿಸಿದರು, “ಮುಂದಿನ ವರ್ಷ, ಮೂರನೇ ವರ್ಷ.”

ನಾಲ್ಕರ ಮೇಲೆ ಒಂದು ಮಾತು ಹೆಚ್ಚಾಗಿತ್ತು. ಚಿಗವ್ವ ಆ ಬಸ್ಸಿನಲ್ಲಿ ಇದ್ದಿದ್ದರೂ ಗಂಟೆ ಬಾರಿಸುತ್ತಿರಲಿಲ್ಲ.